ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕರ್ನಾಟಕದ ಎಂಟು ಊರುಗಳ ಪಿನ್ ಕೋಡ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದಿಟ್ಟುಕೊಳ್ಳೋಣ. ಎಡಗಡೆ ಇರುವುದು ಸಾಲಿನಲ್ಲಿ ಅದು ಎಷ್ಟನೆಯ ಮನೆಯಲ್ಲಿ ಕೂತಿದೆ ಎಂಬ ಸಂಖ್ಯೆ. ಕಂಪ್ಯೂಟರಿನವರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತಾರೆ, ಹಾಗಾಗಿ ಎಂಟು ಮನೆಗಳಿದ್ದರೂ ಕೊನೆಯದರ ಸಂಖ್ಯೆ 7.

```
0   560001   ಬೆಂಗಳೂರು
1   570001   ಮೈಸೂರು
2   573201   ಹಾಸನ
3   575001   ಮಂಗಳೂರು
4   577201   ಶಿವಮೊಗ್ಗ
5   580001   ಧಾರವಾಡ
6   585101   ಕಲಬುರಗಿ
7   590001   ಬೆಳಗಾವಿ
```

ಇದರಲ್ಲಿ 590001 ಇದೆಯೇ, ಇದ್ದರೆ ಎಷ್ಟನೆಯ ಮನೆಯಲ್ಲಿದೆ ಎಂದು ಹುಡುಕಬೇಕು. ಮೇಲಿನಿಂದ ಒಂದೊಂದೇ ನೋಡುತ್ತಾ ಬಂದರೆ ಎಂಟನೆಯ ಸಲ ಸಿಗುತ್ತದೆ. ಎಂಟೇ ಊರಾದ್ದರಿಂದ ಅದೇನೂ ಕಷ್ಟವಲ್ಲ. ಆದರೆ ದೇಶದಲ್ಲಿ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಪಿನ್ ಕೋಡ್‌ಗಳಿವೆ. ಪಟ್ಟಿ ಹೇಗೂ ಏರಿಕೆಯ ಕ್ರಮದಲ್ಲಿದೆಯಲ್ಲ, ನೇರವಾಗಿ ನಡುವಿನ ಮನೆಗೇ ಕೈ ಹಾಕಬಹುದು. ಅಲ್ಲಿರುವ ಸಂಖ್ಯೆ ನಮಗೆ ಬೇಕಾದದ್ದಕ್ಕಿಂತ ಚಿಕ್ಕದಾಗಿದ್ದರೆ ಅದೂ ಅದರ ಮೇಲಿರುವುದೂ ಒಂದೇ ಏಟಿಗೆ ಹೋಯಿತು. ದೊಡ್ಡದಾಗಿದ್ದರೆ ಅದೂ ಅದರ ಕೆಳಗಿರುವುದೂ ಹೋಯಿತು. ಉಳಿದ ಅರ್ಧದಲ್ಲಿ ಮತ್ತೆ ನಡುವಿನದನ್ನು ನೋಡುವುದು. ಪ್ರತಿ ಸಲವೂ ಪಟ್ಟಿ ಅರ್ಧವಾಗುತ್ತಾ ಹೋಗುವುದರಿಂದ ದೇಶದ ಅಷ್ಟೂ ಪಿನ್ ಕೋಡ್‌ಗಳ ನಡುವೆ ಒಂದನ್ನು ಹುಡುಕಲು ಹದಿನೈದು ಸಲ ನೋಡಿದರೆ ಸಾಕು. ಇದೇ ಬೈನರಿ ಸರ್ಚ್. ಹೇಳಲು ಎರಡು ನಿಮಿಷ ಬೇಕು, ಅಷ್ಟೆ. ಕೇಳಿದವರು ಯಾರೂ ಅರ್ಥವಾಗಲಿಲ್ಲ ಎಂದದ್ದಿಲ್ಲ.

ತೊಡಕು ಬರುವುದು ಬರೆಯಲು ಕೂತಾಗ. ಪೈಥಾನ್ ಭಾಷೆಯಲ್ಲಿ ಸರಿಯಾಗಿ ಬರೆದ ಒಂದು ರೂಪ ಹೀಗಿದೆ:

```python
def search(a, x):
    lo = 0
    hi = len(a) - 1
    while lo <= hi:
        mid = (lo + hi) // 2
        if a[mid] == x:
            return mid
        if a[mid] < x:
            lo = mid + 1
        else:
            hi = mid - 1
    return -1
```

`a` ಎಂದರೆ ಪಟ್ಟಿ, `x` ಎಂದರೆ ಹುಡುಕುತ್ತಿರುವ ಸಂಖ್ಯೆ. `lo` ಮತ್ತು `hi` ನಾವು ಇನ್ನೂ ಕೈಬಿಡದ ಭಾಗದ ಎರಡು ತುದಿಗಳು. `mid` ನಡುವಿನ ಮನೆ. `//` ಎಂದರೆ ಭಾಗಿಸಿ ಬಂದದ್ದರಲ್ಲಿ ಅರ್ಧ ಉಳಿದರೆ ಅದನ್ನು ಬಿಟ್ಟುಬಿಡು ಎಂದು. `while` ಸಾಲು, ಷರತ್ತು ನಿಜವಾಗಿರುವ ತನಕ ಕೆಳಗಿನದನ್ನು ಮತ್ತೆ ಮತ್ತೆ ಮಾಡು ಎನ್ನುತ್ತದೆ. ಸಿಗದಿದ್ದರೆ ಉತ್ತರ `-1`.

ಬೆಳಗಾವಿಯನ್ನು ಹುಡುಕಿ ನೋಡೋಣ. ಮೊದಲು `lo` 0, `hi` 7. ನಡು 3, ಅಲ್ಲಿ ಮಂಗಳೂರು. ಚಿಕ್ಕದು, `lo` 4 ಆಯಿತು. 4 ಮತ್ತು 7ರ ನಡು 5, ಧಾರವಾಡ. ಇದೂ ಚಿಕ್ಕದು, `lo` 6. 6 ಮತ್ತು 7ರ ನಡು ಆರೂವರೆ, ಅರ್ಧ ಬಿಟ್ಟರೆ 6, ಕಲಬುರಗಿ. ಚಿಕ್ಕದು, `lo` 7. ಈಗ `lo`, `hi` ಎರಡೂ 7. ಷರತ್ತು `lo <= hi` ಆದ್ದರಿಂದ ಇನ್ನೊಂದು ಸುತ್ತು ನಡೆಯುತ್ತದೆ, ನಡು 7, ಬೆಳಗಾವಿ ಸಿಕ್ಕಿತು.

ಹೊಸದಾಗಿ ಕಲಿಯುವವರು ಬರೆದದ್ದನ್ನು ನೋಡಿದರೆ ಹೆಚ್ಚಿನ ಕಡೆ ಕಾಣುವುದು `while lo < hi`. ಸಮ ಚಿಹ್ನೆಯೊಂದು ಬಿಟ್ಟುಹೋಗಿರುತ್ತದೆ. `lo` ಎಡಗಡೆ, `hi` ಬಲಗಡೆ ಇರುವವರೆಗೆ ಹುಡುಕು ಎಂಬುದು ಓದಲು ಎಷ್ಟು ಸಹಜವಾಗಿದೆಯೆಂದರೆ ತಪ್ಪು ಎಂದು ಅನ್ನಿಸುವುದೇ ಇಲ್ಲ. ಬರೆದವರು ಮಂಗಳೂರು ಕೊಟ್ಟು ನೋಡುತ್ತಾರೆ, 3 ಎಂದು ಬರುತ್ತದೆ. ಧಾರವಾಡ ಕೊಡುತ್ತಾರೆ, 5 ಬರುತ್ತದೆ. ಇಲ್ಲದ ಮಂಡ್ಯವನ್ನು, ಅಂದರೆ 571401 ಕೊಡುತ್ತಾರೆ, ಸರಿಯಾಗಿ `-1` ಬರುತ್ತದೆ. "ಆಯ್ತು ಸರ್, ಓಡ್ತಾ ಇದೆ" ಎಂದು ಎದ್ದುಬಿಡುತ್ತಾರೆ.

ಈ ರೂಪದಲ್ಲಿ ಬೆಳಗಾವಿ ಸಿಗುವುದಿಲ್ಲ. ಮೇಲಿನ ಓಟದಲ್ಲಿ `lo`, `hi` ಎರಡೂ 7 ಆದ ಕ್ಷಣಕ್ಕೆ `lo < hi` ಸುಳ್ಳಾಯಿತು, ಸುತ್ತು ನಿಂತಿತು, ಉತ್ತರ `-1`. ಕಣ್ಣೆದುರಿಗೇ ಇರುವ ಬೆಳಗಾವಿಯನ್ನು ನೋಡದೆ ಇಲ್ಲ ಎಂದುಬಿಟ್ಟಿತು. ಕೊನೆಯದೊಂದೇ ತಪ್ಪಿಹೋಗುತ್ತದೆ ಎಂದುಕೊಂಡರೆ ಅದೂ ಸರಿಯಲ್ಲ. ಎಂಟೂ ಊರುಗಳನ್ನು ಒಂದೊಂದಾಗಿ ಹುಡುಕಿಸಿ ನೋಡಿ: ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿ ಸಿಗುತ್ತವೆ, ಬೆಂಗಳೂರು, ಹಾಸನ, ಶಿವಮೊಗ್ಗ, ಬೆಳಗಾವಿ ಸಿಗುವುದಿಲ್ಲ. ಸರಿಯಾಗಿ ಅರ್ಧ ಊರುಗಳೇ ಮಾಯ! ಹುಡುಕುವ ಭಾಗ ಒಂದೇ ಮನೆಗೆ ಕುಗ್ಗಿದ ಮೇಲೆ ಸಿಗಬೇಕಾದವೆಲ್ಲ ಕಳೆದುಹೋಗುತ್ತವೆ, ಮತ್ತು ಅರ್ಧ ಮಾಡುತ್ತಾ ಹೋಗುವ ಯಾವುದೇ ಹುಡುಕಾಟದಲ್ಲಿ ಅಂಥವು ಬಹಳ ಇರುತ್ತವೆ. ಮಂಗಳೂರು ಸಿಕ್ಕಿತು ಎನ್ನುವುದರಿಂದ ಏನೂ ತಿಳಿಯುವುದಿಲ್ಲ, ಅದು ಮೊದಲ ನೋಟಕ್ಕೇ ಸಿಗುವ ಊರು. ಮನುಷ್ಯರು ಪರೀಕ್ಷೆಗೆಂದು ಆರಿಸುವುದೂ ಹೆಚ್ಚಾಗಿ ನಡುವಿನವುಗಳನ್ನೇ.

ಹೀಗೆ ಒಂದು ಹೆಚ್ಚು ಅಥವಾ ಒಂದು ಕಡಿಮೆಯಾಗುವ ತಪ್ಪಿಗೆ ಪ್ರೋಗ್ರಾಮರುಗಳು ಆಫ್-ಬೈ-ಒನ್ ಎನ್ನುತ್ತಾರೆ. ಇದನ್ನು ಅಜಾಗರೂಕತೆ ಎಂದು ಬೈದು ಕಳಿಸುವ ಮೇಷ್ಟ್ರುಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಷ್ಟು ಜಾಗರೂಕರಾಗಿದ್ದರೂ ಒಂದು ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ಈ ತಪ್ಪು ಆಗಿಯೇ ತೀರುತ್ತದೆ. `hi` ತೋರಿಸುತ್ತಿರುವ ಮನೆ ಹುಡುಕುವ ಭಾಗಕ್ಕೆ ಸೇರಿದೆಯೋ, ಇಲ್ಲವೋ?

ಎರಡೂ ಬಗೆಯ ಲೆಕ್ಕ ನಮಗೆ ರೂಢಿಯಲ್ಲಿಯೇ ಇವೆ. ಆಫೀಸಿನಲ್ಲಿ 10ನೇ ತಾರೀಖಿನಿಂದ 13ನೇ ತಾರೀಖಿನವರೆಗೆ ರಜೆ ಬರೆದುಕೊಟ್ಟರೆ ನಾಲ್ಕು ದಿನ ಕಡಿತವಾಗುತ್ತದೆ. 13 ಕೂಡ ಸೇರಿತು. ಅದೇ 10ರಿಂದ 13ಕ್ಕೆ ಲಾಡ್ಜಿನಲ್ಲಿ ರೂಮು ಹಿಡಿದರೆ ಬಾಡಿಗೆ ಮೂರು ರಾತ್ರಿಗೆ. 13 ನಾವು ಖಾಲಿ ಮಾಡುವ ದಿನ, ಆ ರಾತ್ರಿಗೆ ಬೇರೆಯವರು ಬರುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ರಜೆಯ ಲೆಕ್ಕದಲ್ಲಿ ಶುರು ಮಾಡಿ ಲಾಡ್ಜಿನ ಲೆಕ್ಕದಲ್ಲಿ ಮುಗಿಸಿದರೆ ಮಾತ್ರ ಒಂದು ದಿನ ಎಲ್ಲೋ ಕಾಣೆಯಾಗುತ್ತದೆ.

ಮೇಲಿನ ಪ್ರೋಗ್ರಾಮು ಮೊದಲ ಬಗೆಯದು. `hi` ಸೇರಿದೆ. ಅದೊಂದು ತೀರ್ಮಾನವಾದರೆ ಉಳಿದ ಸಾಲುಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಅವು ತಾವಾಗಿಯೇ ಬರುತ್ತವೆ. ಸೇರಿದೆ ಎಂದ ಮೇಲೆ ಶುರುವಿನಲ್ಲಿ ಅದು ನಿಜವಾಗಿ ಇರುವ ಕೊನೆಯ ಮನೆಯನ್ನೇ ತೋರಿಸಬೇಕು: `len(a) - 1`. `lo`, `hi` ಒಂದೇ ಆದಾಗ ಇನ್ನೂ ಒಂದು ಮನೆ ನೋಡುವುದು ಬಾಕಿ ಇದೆ, ಆದ್ದರಿಂದ `<=`. ನಡುವಿನ ಮನೆಯನ್ನು ನೋಡಿ ಬೇಡವೆಂದಾಯಿತು; `hi` ಸೇರಿದ ಲೆಕ್ಕವಾದ್ದರಿಂದ ಅದನ್ನು ಆ ಮನೆಯ ಮೇಲೇ ಇಟ್ಟರೆ ಬೇಡವೆಂದದ್ದು ಮತ್ತೆ ಒಳಗೆ ಬರುತ್ತದೆ, ಆದ್ದರಿಂದ `mid - 1`. `lo` ಯಾವಾಗಲೂ ಸೇರಿದ್ದೇ, ಆದ್ದರಿಂದ `mid + 1`.

ಈ `+ 1`, `- 1`ಗಳನ್ನು ಮರೆತರೆ ಆಗುವುದು ಬೇರೆ ತರಹದ ಅನಾಹುತ. `lo = mid + 1` ಎನ್ನುವ ಬದಲು `lo = mid` ಎಂದು ಬರೆದು ಬೆಳಗಾವಿಯನ್ನು ಹುಡುಕಿ. ಮಂಗಳೂರಾಯಿತು, ಧಾರವಾಡವಾಯಿತು, ಕಲಬುರಗಿಗೆ ಬಂತು. `lo` 6, `hi` 7, `mid` 6. ಕಲಬುರಗಿ ಚಿಕ್ಕದು, `lo` ಈಗ 6. ಮೊದಲೂ 6 ಇತ್ತು. ಮತ್ತೆ ನಡು 6, ಮತ್ತೆ `lo` 6. ಇನ್ನು ಕರೆಂಟು ಹೋಗುವವರೆಗೂ ಅದು ಕಲಬುರಗಿ ಬಿಟ್ಟು ಕದಲುವುದಿಲ್ಲ. ಪಕ್ಕಪಕ್ಕದ ಎರಡು ಮನೆಗಳ ನಡು ಯಾವಾಗಲೂ ಎಡಗಡೆಯದೇ ಆಗುವುದು ಇದಕ್ಕೆ ಕಾರಣ, ಅರ್ಧವನ್ನು ಬಿಟ್ಟುಬಿಡುತ್ತೇವಲ್ಲ. ಪರದೆಯ ಮೇಲೆ ತಪ್ಪು ಎಂಬ ಸಂದೇಶವೇನೂ ಬರುವುದಿಲ್ಲ. ಉತ್ತರವೂ ಇಲ್ಲ, ಲ್ಯಾಪ್‌ಟಾಪಿನ ಫ್ಯಾನು ಜೋರಾಗುತ್ತದೆ, ಅಷ್ಟೆ. `Ctrl+C` ಒತ್ತಿ ನಿಲ್ಲಿಸಿ, ಸುತ್ತಿನೊಳಗೆ `print(lo, mid, hi)` ಎಂಬ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದರೆ `6 6 7`, `6 6 7`, `6 6 7` ಎಂದು ಪರದೆ ತುಂಬಿ ಹರಿಯುತ್ತದೆ. ಆ ಮೂರು ಅಂಕಿಗಳು ಬದಲಾಗದೆ ಬಂದವೆಂದರೆ ಕಾಯಿಲೆ ಯಾವುದೆಂದು ಬೇರೆ ಕೇಳಬೇಕಾಗಿಲ್ಲ.

ಇದೇ ಮರೆವು ಇನ್ನೊಂದು ತುದಿಯಲ್ಲಿ ಆದರೆ, ಅಂದರೆ `hi = mid - 1` ಬದಲು `hi = mid` ಎಂದಾದರೆ, ಪರಿಣಾಮ ಅಷ್ಟು ಬೇಗ ಕಾಣುವುದಿಲ್ಲ. ನನಗೆ ಈ ತಪ್ಪುಗಳಲ್ಲೆಲ್ಲ ಹೆಚ್ಚು ಕುತೂಹಲದ್ದು ಇದೇ. ಎಂಟೂ ಊರುಗಳನ್ನು ಹುಡುಕಿಸಿ, ಎಂಟೂ ಸಿಗುತ್ತವೆ. ಪಟ್ಟಿಯಲ್ಲಿ ಇರುವುದನ್ನು ಹುಡುಕುವಷ್ಟು ಕಾಲ ಈ ಪ್ರೋಗ್ರಾಮಿನಲ್ಲಿ ಕುಂದು ಹುಡುಕಲಾಗುವುದಿಲ್ಲ. ಇಲ್ಲದ ಮಂಡ್ಯವನ್ನು ಕೇಳಿದ ಕೂಡಲೆ ಸಿಕ್ಕಿಬೀಳುತ್ತದೆ: ನಡು 3, ಮಂಗಳೂರು ದೊಡ್ಡದು, `hi` 3, ನಡು 1, ಮೈಸೂರು ಚಿಕ್ಕದು, `lo` 2, ನಡು 2, ಹಾಸನ ದೊಡ್ಡದು, `hi` 2. ಈಗ ಎರಡೂ 2, `<=` ಒಳಗೆ ಬಿಡುತ್ತದೆ, ನಡು 2, ಹಾಸನ ದೊಡ್ಡದು, `hi` ಮತ್ತೆ 2. ಅಲ್ಲಿಂದ ಮುಂದಕ್ಕೆ ಹಾಸನದಲ್ಲೇ ಗಿರಕಿ. ಉಡುಪಿಯ 576101 ಕೇಳಿದರೆ ಶಿವಮೊಗ್ಗದಲ್ಲಿ ಹೀಗೇ ನಿಲ್ಲುತ್ತದೆ. ಇಲ್ಲದ ಸಂಖ್ಯೆಗಳಲ್ಲಿ ಬೆಳಗಾವಿಗಿಂತ ದೊಡ್ಡವು ಮಾತ್ರ ಪಾರಾಗುತ್ತವೆ, ಏಕೆಂದರೆ ಅವುಗಳಿಗೆ `lo` ಮಾತ್ರ ಮುಂದೆ ಹೋಗುತ್ತದೆ, `hi` ಕದಲುವ ಪ್ರಸಂಗವೇ ಬರುವುದಿಲ್ಲ. ಬರೆದವರು ಪರೀಕ್ಷೆಗೆಂದು 999999 ಕೊಟ್ಟು, `-1` ಬಂದದ್ದನ್ನು ನೋಡಿ, ಇಲ್ಲದ್ದಕ್ಕೂ ಸರಿಯಾದ ಉತ್ತರ ಬರುತ್ತಿದೆ ಎಂದು ತೃಪ್ತರಾಗಿದ್ದರೆ ಆಶ್ಚರ್ಯವಿಲ್ಲ. ಬಳಸುವವರೊಬ್ಬರು ಎಂದೋ ಒಂದು ದಿನ ಒಂದಂಕಿ ತಪ್ಪಾಗಿ ಒತ್ತಿದಾಗ ಅದು ನಿಂತುಹೋಗುತ್ತದೆ.

ಇನ್ನು ಎರಡನೆಯ ಬಗೆ. ಇಲ್ಲಿ `hi` ಇದೆ, ಆದರೆ ಅದು ತೋರಿಸುವ ಮನೆ ಸೇರಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಎಂಟು ಮನೆಗಳ ಪಟ್ಟಿಯಲ್ಲಿ ಅದು 8ರಿಂದ ಶುರುವಾಗುತ್ತದೆ, ಇಲ್ಲದ ಮನೆಯಿಂದ.

```python
lo = 0
hi = len(a)
while lo < hi:
    mid = (lo + hi) // 2
    if a[mid] < x:
        lo = mid + 1
    else:
        hi = mid
```

ಇಲ್ಲಿ `lo < hi` ಸರಿ. `lo`, `hi` ಒಂದೇ ಆದರೆ ಉಳಿದ ಮನೆಗಳು ಸೊನ್ನೆ. `hi = mid` ಕೂಡ ಸರಿ. `hi` ಹೊರಗಿನದು ಎಂದಾದ ಮೇಲೆ ಅದನ್ನು ಒಂದು ಮನೆಯ ಮೇಲೆ ಇಡುವುದೇ ಆ ಮನೆಯನ್ನು ಹೊರಗೆ ಹಾಕಿದಂತೆ. ಆಗಲೇ ಗಿರಕಿ ಹೊಡೆಸಿದ ಸಾಲು ಇಲ್ಲಿ ಏಕೆ ಹೊಡೆಸುವುದಿಲ್ಲ ಎಂದರೆ, `lo` `hi`ಗಿಂತ ಚಿಕ್ಕದಾಗಿದ್ದಾಗ ಮಾತ್ರ ಸುತ್ತಿನೊಳಗೆ ಪ್ರವೇಶ, ಹಾಗಿದ್ದಾಗ ನಡು ಎಂದೂ `hi` ಮೇಲೆ ಬೀಳುವುದಿಲ್ಲ, ಒಂದಾದರೂ ಹಿಂದೆಯೇ ಇರುತ್ತದೆ. ಹಾಗಾಗಿ `hi` ಪ್ರತಿ ಸಲವೂ ಇಳಿಯಲೇಬೇಕು.

ಈ ರೂಪ ಕೊಡುವ ಉತ್ತರವೂ ಸ್ವಲ್ಪ ಬೇರೆ. ಸುತ್ತು ಮುಗಿದಾಗ `lo` ನಿಂತಿರುವುದು `x`ಗಿಂತ ಚಿಕ್ಕದಲ್ಲದ ಮೊದಲ ಮನೆಯಲ್ಲಿ. ಮಂಡ್ಯ ಕೇಳಿದರೆ 2, ಅಂದರೆ ಮಂಡ್ಯವನ್ನು ಪಟ್ಟಿಗೆ ಸೇರಿಸಬೇಕಾದರೆ ಹಾಸನವನ್ನು ಸರಿಸಿ ಅಲ್ಲಿ ಕೂರಿಸಬೇಕು. ಇದೆಯೇ ಇಲ್ಲವೇ ಎಂದು ತಿಳಿಯಲು ಆಮೇಲೆ ಆ ಮನೆಯನ್ನು ತೆರೆದು ನೋಡಬೇಕು, ಅದಕ್ಕೂ ಮೊದಲು ಆ ಮನೆ ಇದೆಯೇ ಎಂದೂ ನೋಡಬೇಕು: `lo < len(a) and a[lo] == x`. ಇದರ ಮೊದಲರ್ಧವನ್ನು ಬಿಟ್ಟವರಿಗೆ 999999 ಕೇಳಿದ ದಿನ `IndexError: list index out of range` ಎಂದು ಪೈಥಾನ್ ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಪೈಥಾನಿನ ಜೊತೆಗೇ ಬರುವ `bisect_left` ಕೂಡ ಕೊಡುವುದು ಇಂಥದೇ ಸ್ಥಾನವನ್ನು, ಆದ್ದರಿಂದ ಕೈಯಿಂದ ಬರೆಯದೆ ಅದನ್ನು ಬಳಸಿದರೂ ಈ ಒಂದು ಎಚ್ಚರ ತಪ್ಪಿದ್ದಲ್ಲ. ಸಿ ಭಾಷೆಯಲ್ಲಿ ಇಷ್ಟೂ ಉಪಕಾರವಿಲ್ಲ. ಅದು ಪಟ್ಟಿಯಾಚೆ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಪಿನ್ ಕೋಡ್ ಎಂದು ತಿಳಿದು ಓದಿ ಮುಂದೆ ಹೋಗಬಹುದು.

ಎರಡು ಬಗೆಗಳಲ್ಲಿ ಯಾವುದು ಒಳ್ಳೆಯದು? ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಎಣಿಕೆ ಸೊನ್ನೆಯಿಂದಲೇ ಏಕೆ ಶುರುವಾಗಬೇಕು ಎಂಬ ಒಂದು ಪುಟ್ಟ ಟಿಪ್ಪಣಿ ಬರೆದರು. ಮೊದಲ ತುದಿ ಸೇರಿ, ಕೊನೆಯ ತುದಿ ಸೇರದ ಲೆಕ್ಕದ ಪರ ಅವರು ಕೊಟ್ಟ ಕಾರಣಗಳು ಸರಳ: ಒಂದರಿಂದ ಇನ್ನೊಂದನ್ನು ಕಳೆದರೆ ನೇರವಾಗಿ ಉದ್ದ ಸಿಗುತ್ತದೆ, ಮತ್ತು ಒಂದು ಭಾಗ ಮುಗಿಯುವ ಸಂಖ್ಯೆಯೇ ಮುಂದಿನ ಭಾಗ ಶುರುವಾಗುವ ಸಂಖ್ಯೆ. ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಮೆಸಾ ಎಂಬ ಭಾಷೆಯಲ್ಲಿ ತುದಿಗಳನ್ನು ಸೇರಿಸುವ, ಬಿಡುವ ನಾಲ್ಕೂ ಬಗೆಗಳಿಗೆ ಅವಕಾಶವಿತ್ತು, ಉಳಿದ ಮೂರರಿಂದ ತಪ್ಪುಗಳೇ ಹೆಚ್ಚಾದವು ಎಂಬ ಅನುಭವವನ್ನೂ ಅವರು ಅಲ್ಲಿ ಹೇಳಿದ್ದಾರೆ. ಪೈಥಾನಿನ `range(0, 8)` ಏಳಕ್ಕೇ ನಿಲ್ಲುವುದೂ ಇದೇ ಲೆಕ್ಕ. ನನಗೂ ಎರಡನೆಯ ಬಗೆಯೇ ಇಷ್ಟ. ಆದರೂ ಮೊದಲ ಸಲ ಬರೆಯುವವರಿಗೆ ಮೊದಲನೆಯದೇ ಹಗುರ ಎಂದು ನನ್ನ ಅಭಿಪ್ರಾಯ, ಇಲ್ಲದ ಎಂಟನೆಯ ಮನೆಯನ್ನು ಕಲ್ಪಿಸಿಕೊಳ್ಳುವ ಗೊಡವೆ ಅದರಲ್ಲಿಲ್ಲ.

ಯಾವುದನ್ನಾದರೂ ಹಿಡಿಯಿರಿ, ಬೆರೆಸಬೇಡಿ. ಕಲಿಯುವವರು ಮಾಡುವ ತಪ್ಪುಗಳಲ್ಲಿ ಬಹುಪಾಲು ಬೆರಕೆಯಿಂದಲೇ ಬಂದವು. ಒಂದು ಪುಸ್ತಕದಲ್ಲಿ ಒಂದು ಬಗೆ ಓದಿರುತ್ತಾರೆ, ಗೆಳೆಯನ ನೋಟ್ಸಿನಲ್ಲಿ ಇನ್ನೊಂದು, ಪರೀಕ್ಷೆಯ ದಿನ ನೆನಪಿಗೆ ಬರುವುದು ಎರಡರಿಂದಲೂ ಅರ್ಧರ್ಧ. ಶುರುವಿನ ಸಾಲು `hi = len(a)`, ಷರತ್ತು `lo < hi`, ಇಲ್ಲಿಯತನಕ ಎರಡನೆಯ ಬಗೆ; ಕೆಳಗೆ ಮಾತ್ರ ಮೊದಲ ಬಗೆಯ `hi = mid - 1`. ಮಂಗಳೂರನ್ನು ಕೇಳಿ. 0 ಮತ್ತು 8ರ ನಡು 4, ಶಿವಮೊಗ್ಗ, ದೊಡ್ಡದು. `hi` 3 ಆಯಿತು. ಆದರೆ ಇಲ್ಲಿ `hi` ಹೊರಗಿನದು, ಆದ್ದರಿಂದ ಬೇಡವಾದ ಶಿವಮೊಗ್ಗದ ಜೊತೆಗೆ ಇನ್ನೂ ನೋಡದೆ ಇದ್ದ ಮಂಗಳೂರೂ ಹೊರಗೆ ಬಿತ್ತು. ಮುಂದೆ ಮೈಸೂರು, ಹಾಸನ ನೋಡಿ, ಇಲ್ಲ ಎನ್ನುತ್ತದೆ. ಆಗ ಮೊದಲ ನೋಟಕ್ಕೇ ಸಿಗುತ್ತಿದ್ದ ಊರು ಈಗ ಸಿಗುವುದೇ ಇಲ್ಲ.

ಇದು ಹೊಸಬರ ಪಾಡು ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಬೈನರಿ ಸರ್ಚ್ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1946ರಲ್ಲಿ, ಎನಿಯಾಕ್ ಗಣಕವನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿಯವರ ಉಪನ್ಯಾಸದಲ್ಲಿ. ಆಮೇಲೆ ಅದು ಎಲ್ಲರಿಗೂ ಗೊತ್ತಿದ್ದ ಉಪಾಯವಾಯಿತು. ಆದರೆ ಡೊನಾಲ್ಡ್ ನುತ್ ತಮ್ಮ ಪ್ರಸಿದ್ಧ ಗ್ರಂಥಮಾಲೆಯಲ್ಲಿ ಗುರುತಿಸುವಂತೆ, ಯಾವ ಉದ್ದದ ಪಟ್ಟಿಗಾದರೂ ಸರಿಯಾಗಿ ನಡೆಯುವ ರೂಪವನ್ನು ಪ್ರಕಟಿಸಿದ ಮೊದಲಿಗರೆಂದು ಕಾಣುವುದು ಡಿ. ಎಚ್. ಲೆಹ್ಮರ್, ಅದೂ 1960ರಲ್ಲಿ. ನಡುವಿನ ಹದಿನಾಲ್ಕು ವರ್ಷ ಅಚ್ಚಾದವು ಪಟ್ಟಿಯ ಉದ್ದ 3, 7, 15, 31 ಹೀಗಿದ್ದರೆ ಮಾತ್ರ ನಡೆಯುವಂಥವು. ಕಾರಣ ತಿಳಿಯಲು ಏಳು ಮನೆಗಳ ಪಟ್ಟಿ ತೆಗೆದುಕೊಳ್ಳಿ: ನಡುವಿನದೊಂದನ್ನು ತೆಗೆದರೆ ಎರಡೂ ಕಡೆ ಮೂರು ಮೂರು; ಮೂರರ ನಡುವಿನದನ್ನು ತೆಗೆದರೆ ಎರಡೂ ಕಡೆ ಒಂದೊಂದು. ಅರ್ಧ ಉಳಿಯುವ ಪ್ರಶ್ನೆಯೇ ಏಳುವುದಿಲ್ಲ. ಎಂಟು ಮನೆ ಎಂದ ಕೂಡಲೆ ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು; ಆ ಒಂದು ಹೆಚ್ಚಿನ ಮನೆ ಯಾರ ಪಾಲು ಎಂಬಲ್ಲಿಂದ ಎಲ್ಲ ತಕರಾರು.

ಜಾನ್ ಬೆಂಟ್ಲಿ ಎಂಬ ಅಮೆರಿಕದ ವಿಜ್ಞಾನಿ ಕೆಲಸದಲ್ಲಿದ್ದ ಪ್ರೋಗ್ರಾಮರುಗಳಿಗೆ ತರಗತಿ ನಡೆಸುವಾಗ ಇದನ್ನೇ ಬರೆಯಲು ಕೊಡುತ್ತಿದ್ದರು. ಒಂದೆರಡು ತಾಸು ಸಮಯ ಕೊಟ್ಟು, ಆಮೇಲೆ ಅವರವರ ಪ್ರೋಗ್ರಾಮನ್ನು ಅವರವರೇ ಪರೀಕ್ಷಿಸಿಕೊಳ್ಳಲು ಹೇಳಿದರೆ ಶೇಕಡಾ 90ರಷ್ಟು ಜನರಿಗೆ ತಮ್ಮಲ್ಲೇ ತಪ್ಪು ಸಿಗುತ್ತಿತ್ತು ಎಂದು ಅವರು ಬರೆದಿದ್ದಾರೆ. ಪಠ್ಯಪುಸ್ತಕ ನೋಡಿ ಬರೆಯೋಣ ಎಂದರೆ ಅದೂ ಭದ್ರವಲ್ಲ. ರಿಚರ್ಡ್ ಪ್ಯಾಟಿಸ್ 1988ರಲ್ಲಿ ಇಪ್ಪತ್ತು ಪಠ್ಯಪುಸ್ತಕಗಳನ್ನು ಪರಿಶೀಲಿಸಿದಾಗ ಐದರಲ್ಲಿ ಮಾತ್ರ ಬೈನರಿ ಸರ್ಚ್ ಸರಿಯಾಗಿತ್ತು.

ಹಾಗಾದರೆ ಬರೆದದ್ದು ಸರಿ ಎಂದು ತಿಳಿಯುವುದು ಹೇಗೆ? ದೊಡ್ಡ ಪಟ್ಟಿ ಕೊಟ್ಟು ನಾಲ್ಕಾರು ಸಂಖ್ಯೆ ಹುಡುಕಿಸುವುದು ವ್ಯರ್ಥ. ಪಟ್ಟಿ ಚಿಕ್ಕದಿರಬೇಕು, ಹುಡುಕಾಟ ಮಾತ್ರ ಒಂದನ್ನೂ ಬಿಡಬಾರದು: ಇರುವ ಪ್ರತಿಯೊಂದು ಸಂಖ್ಯೆ, ಪ್ರತಿ ಎರಡರ ನಡುವಿನ ಇಲ್ಲದ ಒಂದು, ಮೊದಲನೆಯದಕ್ಕಿಂತ ಚಿಕ್ಕದೊಂದು, ಕೊನೆಯದಕ್ಕಿಂತ ದೊಡ್ಡದೊಂದು. ಸಮಸಂಖ್ಯೆಗಳ ಪಟ್ಟಿ ಮಾಡಿಕೊಂಡರೆ ಬೆಸಗಳೆಲ್ಲ ಇಲ್ಲದವುಗಳಾಗುತ್ತವೆ.

```python
for n in range(9):
    a = list(range(0, 2*n, 2))
    for x in range(-1, 2*n + 1):
        want = x // 2 if x in a else -1
        assert search(a, x) == want
```

ಖಾಲಿ ಪಟ್ಟಿಯಿಂದ ಎಂಟು ಮನೆಯ ಪಟ್ಟಿಯವರೆಗೆ ಒಟ್ಟು 90 ಹುಡುಕಾಟ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮುಗಿಯದಿದ್ದರೆ ಅದೂ ಒಂದು ಉತ್ತರವೇ, ಎಲ್ಲೋ ಗಿರಕಿ ಹೊಡೆಯುತ್ತಿದೆ. ಇಷ್ಟೆಲ್ಲ ಬೇಕೂ ಆಗುವುದಿಲ್ಲ. ಮೊದಲ ಬಗೆಯಲ್ಲಿ `<=` ಬದಲು `<` ಬರೆದದ್ದು ಒಂದೇ ಮನೆಯ ಪಟ್ಟಿಯಲ್ಲಿ ಬಯಲಾಗುತ್ತದೆ, ಆ ಒಂದೂ ಸಿಗುವುದಿಲ್ಲ. `lo = mid` ಎಂಬುದೂ `hi = mid` ಎಂಬುದೂ ಅದೇ ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದಾಗ ನಿಂತುಹೋಗುತ್ತವೆ. ಎರಡು ಬಗೆಗಳನ್ನು ಬೆರೆಸಿ `hi = mid - 1` ಎಂದದ್ದು ಎರಡು ಮನೆಯ ಪಟ್ಟಿಗೆ ಬಂದಾಗ ಮೊದಲನೆಯದನ್ನು ಕಳೆದುಕೊಳ್ಳುತ್ತದೆ. ಮೂರು ಮನೆಯವರೆಗೆ ಹೋಗುವುದರೊಳಗೆ ಈ ಲೇಖನದಲ್ಲಿ ಬಂದ ಹುಡುಕಾಟದ ತಪ್ಪುಗಳೆಲ್ಲ ಹೊರಬಿದ್ದಿರುತ್ತವೆ. ದೋಷವಿದ್ದದ್ದು ತುದಿಯಲ್ಲಿ, ಚಿಕ್ಕ ಪಟ್ಟಿಯಲ್ಲಿ ತುದಿ ಬಿಟ್ಟು ಬೇರೇನೂ ಇರುವುದಿಲ್ಲ.

ಈ ಪರೀಕ್ಷೆಯ ಬಲೆಗೆ ಬೀಳದ ಒಂದು ತಪ್ಪಿದೆ, ಅದು ಒಂದರ ವ್ಯತ್ಯಾಸದ್ದಲ್ಲ. ಜಾವಾ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚ್ ಬರೆದವರು ಜೋಶುವಾ ಬ್ಲಾಕ್. ಅದರಲ್ಲಿ ಸುಮಾರು ಒಂಬತ್ತು ವರ್ಷ ಅಡಗಿದ್ದ ದೋಷವೊಂದರ ಬಗ್ಗೆ 2006ರಲ್ಲಿ ಅವರೇ ಬರೆದರು. ಎಲ್ಲರೂ ಬರೆಯುವಂಥ `(low + high) / 2` ಎಂಬ ಸಾಲೇ ಆ ದೋಷ. ಜಾವಾದ ಸಾಮಾನ್ಯ ಪೂರ್ಣಾಂಕದಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2147483647. ಪಟ್ಟಿ ನೂರೈವತ್ತು ಕೋಟಿ ಮನೆಯಷ್ಟು ಉದ್ದವಿದ್ದು, `low` ನೂರು ಕೋಟಿಗೆ ಬಂದು, `high` ನೂರೈವತ್ತು ಕೋಟಿಯಲ್ಲಿದ್ದರೆ ಕೂಡಿದಾಗ ಇನ್ನೂರೈವತ್ತು ಕೋಟಿ. ಅದು ಹಿಡಿಸದೆ ಸುತ್ತುಹೊಡೆದು ಋಣ ಸಂಖ್ಯೆಯಾಗಿ, ನಡುವಿನ ಮನೆಯ ಸಂಖ್ಯೆ -897483648 ಎಂದು ಬರುತ್ತದೆ. `low + (high - low) / 2` ಎಂದು ಬರೆದರೆ ಎರಡು ದೊಡ್ಡ ಸಂಖ್ಯೆಗಳನ್ನು ಕೂಡುವ ಪ್ರಸಂಗವೇ ಬರುವುದಿಲ್ಲ, ಉತ್ತರ ಅದೇ. ಪೈಥಾನಿನ ಪೂರ್ಣಾಂಕಗಳಿಗೆ ಇಂಥ ಮಿತಿಯಿಲ್ಲ, ನಮ್ಮ ಎಂಟೂರಿನ ಪ್ರೋಗ್ರಾಮು ಹಾಗೆಯೇ ಇರಬಹುದು. ಸಿ ಅಥವಾ ಜಾವಾದಲ್ಲಿ ಬರೆಯುವವರು ಆ ಒಂದು ಸಾಲನ್ನು ಮೊದಲೇ ಬದಲಿಸಿಕೊಂಡು, ಆಮೇಲೆ `hi` ಒಳಗೋ ಹೊರಗೋ ಎಂಬ ಪ್ರಶ್ನೆಗೆ ಕೂರಬಹುದು.